ಹಿರಿಯರ ಕಪ್ಪು-ಬಿಳುಪು ಫೋಟೋಗೆ ಬಣ್ಣ ಹಾಕುವುದು: ಮೈಬಣ್ಣ ನಿಜ ಅನಿಸಬೇಕಾದರೆ

ಹಳೆ ಫೋಟೋಗೆ ಬಣ್ಣ ಹಾಕುವಾಗ ಸೀರೆ, ಕೋಟು, ಕುರ್ಚಿ ಹೇಗೋ ಆಗಿಬಿಡುತ್ತವೆ. ಕೈ ಕೊಡುವುದು ಮುಖ. ಒಂದು ಕಂದು ಬಣ್ಣ ಆರಿಸಿ ಮುಖದ ತುಂಬ ಬಳಿದರೆ ಅಜ್ಜ ಮಣ್ಣಿನ ಬೊಂಬೆಯ ಹಾಗೆ ಕಾಣುತ್ತಾರೆ. ಬಣ್ಣ ತಪ್ಪು ಆರಿಸಿದ್ದರಿಂದ ಹೀಗಾಗುವುದಿಲ್ಲ. ಒಂದೇ ಬಣ್ಣ ಹಾಕಿದ್ದರಿಂದ ಆಗುತ್ತದೆ. ನಿಜವಾದ ಚರ್ಮದಲ್ಲಿ ಬೆಳಕು ಬಿದ್ದ ಕಡೆ ಬಣ್ಣ ತೆಳುವಾಗಿ, ಸ್ವಲ್ಪ ಹಳದಿ ಕಡೆಗೆ ಇರುತ್ತದೆ. ನೆರಳಿನ ಕಡೆ ಗಾಢವಾಗಿ, ಕೆಂಪು ಕಡೆಗೆ ಇರುತ್ತದೆ. ಈ ಏರಿಳಿತ ಬಂದರೆ ಮುಖಕ್ಕೆ ಜೀವ ಬರುತ್ತದೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಉದಾಹರಣೆಗೆ ನಮ್ಮ ಮನೆಯ ಫೋಟೋವನ್ನೇ ತೆಗೆದುಕೊಳ್ಳುತ್ತೇನೆ. ನಮ್ಮ ಮುತ್ಯಾ, ಆಯಿ ಇಬ್ಬರೂ ಕುಷ್ಟಗಿ ಕಡೆಯವರು. ಬಳ್ಳಾರಿಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ತುಂಗಭದ್ರಾ ಡ್ಯಾಂ ಕಟ್ಟುತ್ತಿದ್ದ ಕಾಲದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಮುತ್ಯಾ ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ. ಆಯಿ ತಲೆ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಾರೆ. ನಾನು ಬಳಸುವುದು GIMP, ದುಡ್ಡು ಕೊಡಬೇಕಿಲ್ಲ. ಲೇಯರ್, ಮಾಸ್ಕ್, ಕರ್ವ್ಸ್ ಇರುವ ಬೇರೆ ಯಾವ ಸಾಫ್ಟ್‌ವೇರ್‌ನಲ್ಲಾದರೂ ಇದೇ ಕೆಲಸ ಮಾಡಬಹುದು.

## ಮೊದಲು ಒಳ್ಳೆಯ ಗ್ರೇ

ಫೋಟೋವನ್ನು ಕಲರ್ ಮೋಡ್‌ನಲ್ಲೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, TIFF ಆಗಿ ಸೇವ್ ಮಾಡಿ. ಕಪ್ಪು-ಬಿಳುಪು ಫೋಟೋಗೆ ಕಲರ್ ಸ್ಕ್ಯಾನ್ ಯಾಕೆ ಅಂದರೆ, ಹಳದಿ ಕಲೆಗಳನ್ನು ತೆಗೆಯುವುದು ಆಗ ಸುಲಭ. ಹಳದಿ ಕಲೆ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಕಲೆ ಕಾಣುವುದೇ ಕಡಿಮೆ. `Colors > Components > Extract Component` ಗೆ ಹೋಗಿ `RGB Red` ಆರಿಸಿ. ಅರ್ಧ ಕಲೆ ಅಲ್ಲೇ ಮಾಯವಾಗುತ್ತದೆ. ಉಳಿದ ಗೀರು, ಚುಕ್ಕೆಗಳನ್ನು ಕ್ಲೋನ್ ಮತ್ತು ಹೀಲ್ ಟೂಲ್‌ನಿಂದ ಈಗಲೇ ತೆಗೆಯಿರಿ. ಬಣ್ಣ ಹಾಕಿದ ಮೇಲೆ ತೆಗೆಯಲು ಹೋದರೆ ಕೆಲಸ ಎರಡರಷ್ಟಾಗುತ್ತದೆ. ಕೊನೆಗೆ `Image > Mode` ನಲ್ಲಿ `RGB` ಇದೆಯಾ, `Image > Precision` ನಲ್ಲಿ 8 ಬಿಟ್ ಇದೆಯಾ ನೋಡಿಕೊಳ್ಳಿ. ಮುಂದೆ ಕೊಡುವ ಅಂಕಿಗಳು ಆಗ ಸರಿಯಾಗಿ ಹೊಂದುತ್ತವೆ.

ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಮುಖದ ಪದರವೇ ಗಾಜಿನ ಜೊತೆ ಎದ್ದು ಬರುತ್ತದೆ. ಗಾಜಿನ ಸಮೇತ ಕಿಟಕಿ ಪಕ್ಕ ಇಟ್ಟು, ಪ್ರತಿಬಿಂಬ ಬೀಳದ ಹಾಗೆ ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ.

## ಗ್ರೇ ಹೇಳುವುದನ್ನೆಲ್ಲ ನಂಬಬೇಡಿ

ಬಹಳ ಜನ ಹಾರಿಹೋಗುವ ಹಂತ ಇದು. ನನ್ನ ಪ್ರಕಾರ ಮೈಬಣ್ಣ ಕೆಡುವುದು ಇಲ್ಲೇ.

ಆ ಕಾಲದ ಬಹಳಷ್ಟು ಫಿಲ್ಮು, ಪ್ಲೇಟುಗಳು ಆರ್ಥೋಕ್ರೊಮ್ಯಾಟಿಕ್. ಅಂದರೆ ಅವಕ್ಕೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೊಡ್ಯಾಕ್ ಕಂಪನಿಯ ಹೆಸರಾಂತ ವೆರಿಕ್ರೋಮ್ ಫಿಲ್ಮು 1931ರಿಂದ ಇದೇ ಜಾತಿಯದು. ಕೆಂಪನ್ನೂ ಗ್ರಹಿಸುವ ವೆರಿಕ್ರೋಮ್ ಪ್ಯಾನ್ ಅದರ ಜಾಗಕ್ಕೆ ಬಂದಿದ್ದು 1956ರಲ್ಲಿ. ಕೆಂಪು ಕಾಣದ ಫಿಲ್ಮಿನಲ್ಲಿ ಕುಂಕುಮ ಕಪ್ಪಗಾಗುತ್ತದೆ, ತುಟಿ ಕಪ್ಪಗಾಗುತ್ತದೆ. ನಮ್ಮ ಕಡೆಯ ಕೆಂಪು ಮಿಶ್ರಿತ ಕಂದು ಚರ್ಮ ಇದ್ದದ್ದಕ್ಕಿಂತ ಜಾಸ್ತಿ ಕಪ್ಪಾಗಿ ಬೀಳುತ್ತದೆ. ಮುಖದ ಮೇಲಿನ ಕಲೆಗಳೂ ಎದ್ದು ಕಾಣುತ್ತವೆ.

ನಿಮ್ಮ ಫೋಟೋ ಅಂಥದ್ದಾ ಅಂತ ತಿಳಿಯಲು ಕೆಂಪು ಅಂತ ಖಾತ್ರಿ ಇರುವ ಒಂದು ವಸ್ತು ಹುಡುಕಿ. ಆಯಿ ಉಟ್ಟಿದ್ದು ಇಳಕಲ್ ಸೀರೆ. ತೋಪು ತೆನಿ ಸೆರಗು ಕೆಂಪು, ಅದರ ಮೇಲಿನ ತೆನೆ ಬಿಳಿ. ನಮ್ಮ ಫೋಟೋದಲ್ಲಿ ಆ ಸೆರಗಿನ ಕೆಂಪು ಭಾಗ ಮಸಿಯಷ್ಟು ಕಪ್ಪು. ಹಣೆಯ ಕುಂಕುಮವೂ ಹಾಗೇ. ಆರ್ಥೋ ಅಂತ ಅಲ್ಲಿಗೆ ಗೊತ್ತಾಯಿತು.

ಇದರ ಮೇಲೆ ಸ್ಟುಡಿಯೋದವರ ಕೈಚಳಕ ಬೇರೆ. ಮುಖಕ್ಕೆ ಪೌಡರ್ ಹಚ್ಚಿಸುತ್ತಿದ್ದರು. ಆಮೇಲೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಿಂದ ಮುಖದ ಭಾಗವನ್ನು ಸಣ್ಣಗೆ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಸೀಸ ಹಚ್ಚಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಹಾಗಾಗಿ ಮುಖ ಒಂದು ಬಣ್ಣ, ಕಿವಿ ಮತ್ತು ಕೈ ಇನ್ನೊಂದು ಬಣ್ಣ. ಕಿವಿ, ಕೈಗಳನ್ನು ತಿದ್ದುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುತ್ತಿರಲಿಲ್ಲ.

ಅಳೆದು ನೋಡಿ. ಕಲರ್ ಪಿಕ್ಕರ್ ತೆಗೆದುಕೊಂಡು `Sample average` ಆನ್ ಮಾಡಿ. ಆಗ ಒಂದು ಚುಕ್ಕೆಯ ಬದಲು ಆ ಜಾಗದ ಸರಾಸರಿ ಸಿಗುತ್ತದೆ. ಅಳತೆ 0ಯಿಂದ 255ರವರೆಗೆ ಇರಲಿ: 0 ಅಂದರೆ ಕಪ್ಪು, 255 ಅಂದರೆ ಬಿಳಿ. ನಮ್ಮ ಮುತ್ಯಾನ ಬೆಳಕು ಬಿದ್ದ ಕೆನ್ನೆ 172 ತೋರಿಸಿತು. ಅದೇ ಕಡೆಯ ಕಿವಿ 120, ತೊಡೆ ಮೇಲಿಟ್ಟ ಕೈ 112. ಹೊಲದಲ್ಲಿ ದುಡಿದ ಮನುಷ್ಯನ ಕೆನ್ನೆ ಅವನ ಕೈಗಿಂತ ಅಷ್ಟೊಂದು ಬೆಳ್ಳಗಿರಲು ಸಾಧ್ಯವಿಲ್ಲ. ಅಲ್ಲಿ ಪೆನ್ಸಿಲ್ ಓಡಾಡಿದೆ ಅಂತ ಅರ್ಥ.

ಸರಿ ಮಾಡಲು ಲೇಯರ್‌ನ ಇನ್ನೊಂದು ಕಾಪಿ ಮಾಡಿ. `Colors > Curves` ನಲ್ಲಿ 172ನ್ನು 150ಕ್ಕೆ ಇಳಿಸಿ. ಆ ಲೇಯರ್‌ಗೆ ಕಪ್ಪು ಮಾಸ್ಕ್ ಹಾಕಿ, ಮುಖದ ಭಾಗಕ್ಕೆ ಮಾತ್ರ ಮೆತ್ತನೆ ಬ್ರಷ್‌ನಿಂದ ಬಿಳಿ ಬಳಿಯಿರಿ. ಕಿವಿಯ ಮಟ್ಟಕ್ಕೇ ಪೂರ್ತಿ ಇಳಿಸಬಾರದು. ಕೆನ್ನೆ ಬೆಳಕಿಗೆ ಮುಖ ಮಾಡಿದೆ, ಕಿವಿ ಸ್ವಲ್ಪ ಹಿಂದಿದೆ. ಅಷ್ಟು ವ್ಯತ್ಯಾಸ ಉಳಿಯಬೇಕು. ಪೆನ್ಸಿಲ್ ತಾಗದ, ಸುಮ್ನೆ ಕಪ್ಪಾಗಿ ಬಿದ್ದ ಮುಖವಾದರೆ ಇದೇ ಕೆಲಸ ಉಲ್ಟಾ. ನಡುವಿನ ಗ್ರೇ ಸ್ವಲ್ಪ ಎತ್ತಬೇಕು.

ಇದು ಮುಗಿದ ಮೇಲೆ `Layer > New from Visible` ಕೊಡಿ. ಮುಂದಿನ ಕೆಲಸಕ್ಕೆಲ್ಲ ಈ ಗ್ರೇ ಲೇಯರೇ ಆಧಾರ.

## ಮೈಬಣ್ಣದ ಮಾದರಿ ಮನೆಯಲ್ಲೇ ಇದೆ

ಇಂಟರ್ನೆಟ್ಟಿನಲ್ಲಿ ಸಿಗುವ ಚರ್ಮದ ಬಣ್ಣದ ಪಟ್ಟಿಗಳು ಹೆಚ್ಚಾಗಿ ಬಿಳಿಯರದ್ದು. ಅದನ್ನು ಕಂದು ಗ್ರೇ ಮೇಲೆ ಹಾಕಿದರೆ ಗುಲಾಬಿ ಛಾಯೆ ಬಂದು ಮುಖಕ್ಕೆ ಬಣ್ಣ ಬಳಿದ ಹಾಗಾಗುತ್ತದೆ. ಅದರ ಬದಲು ಅದೇ ರಕ್ತದವರನ್ನು ಹುಡುಕಿ. ಮಗ, ಮೊಮ್ಮಗ, ಮೊಮ್ಮಗಳು, ಯಾರಾದರೂ ಸರಿ. ಅದೇ ಕೆಲಸ ಮಾಡುವವರಾದರೆ ಇನ್ನೂ ಒಳ್ಳೆಯದು. ಎಸಿ ರೂಮಿನಲ್ಲಿ ಕೂರುವ ಮೊಮ್ಮಗನಿಗಿಂತ ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಹೊಲ ನೋಡಿಕೊಳ್ಳುವ ಮಗ ಒಳ್ಳೆಯ ಮಾದರಿ. ನಾನು ಆರಿಸಿದ್ದು ಊರಲ್ಲೇ ಇರುವ ನಮ್ಮ ಸೋದರಮಾವನನ್ನು.

ಬೆಳಿಗ್ಗೆ ಹೊತ್ತು ಕಟ್ಟೆಯ ನೆರಳಲ್ಲಿ ಕೂರಿಸಿ ಫೋಟೋ ತೆಗೆಯಿರಿ. ನೇರ ಬಿಸಿಲು ಬೇಡ, ಟ್ಯೂಬ್‌ಲೈಟ್ ಬೇಡ. ಮೊಬೈಲಿನ ಬ್ಯೂಟಿ ಮೋಡ್ ಆಫ್ ಇರಲಿ, ಇಲ್ಲದಿದ್ದರೆ ಅದು ಸ್ಟುಡಿಯೋ ಪೆನ್ಸಿಲ್ಲಿನ ಕೆಲಸವನ್ನೇ ಮಾಡುತ್ತದೆ. ಹಸಿರು ಗೋಡೆ, ನೀಲಿ ತಾಡಪತ್ರಿ ಹತ್ತಿರ ಇದ್ದರೆ ಅದರ ಬಣ್ಣ ಮುಖಕ್ಕೆ ಹೊಡೆಯುತ್ತದೆ, ಅದನ್ನೂ ತಪ್ಪಿಸಿ.

ಆ ಫೋಟೋದಲ್ಲಿ ನಾಲ್ಕು ಕಡೆ ಬಣ್ಣ ಅಳೆಯಿರಿ: ಹಣೆಯ ಹೊಳಪು, ಬೆಳಕಿನ ಕೆನ್ನೆ, ನೆರಳಿನ ಕೆನ್ನೆ, ದವಡೆಯ ಕೆಳಗೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಸಿಗುತ್ತವೆ. ಆ ಬಣ್ಣ ಕಪ್ಪು-ಬಿಳುಪಿನಲ್ಲಿ ಎಷ್ಟು ಗ್ರೇ ಆಗುತ್ತದೆ ಅಂತ ಹೀಗೆ ಲೆಕ್ಕ ಹಾಕಿ:

```
gray = 0.30*R + 0.59*G + 0.11*B
```

ಮಾವನ ನೆರಳಿನ ಕೆನ್ನೆ 150, 105, 80 ಬಂತು. ಲೆಕ್ಕ ಹಾಕಿದರೆ ಗ್ರೇ 116. ಅಂದರೆ ಮುತ್ಯಾನ ಮುಖದಲ್ಲಿ ಎಲ್ಲೆಲ್ಲಿ 116ರ ಆಸುಪಾಸು ಗ್ರೇ ಇದೆಯೋ ಅಲ್ಲಿಗೆ ಈ ಬಣ್ಣ ಹೋಗಬೇಕು. ನಾಲ್ಕೂ ಸೇರಿ ನಮ್ಮ ಪಟ್ಟಿ ಹೀಗಾಯಿತು:

| ಗ್ರೇ | ಕೆಂಪು | ಹಸಿರು | ನೀಲಿ |
|---|---|---|---|
| 59 | 85 | 50 | 35 |
| 116 | 150 | 105 | 80 |
| 157 | 195 | 145 | 115 |
| 203 | 230 | 195 | 170 |

ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ. ಮೊದಲ ಸಾಲಿನಲ್ಲಿ ಕೆಂಪು ನೀಲಿಯ ಎರಡೂವರೆ ಪಟ್ಟು ಹತ್ತಿರ ಇದೆ. ಕೊನೆಯ ಸಾಲಿನಲ್ಲಿ ಮೂರೂ ಹತ್ತಿರ ಹತ್ತಿರ ಬಂದಿವೆ. ನೆರಳು ಗಾಢ, ಹೊಳಪು ತೆಳು ಅಂತ ಮೊದಲೇ ಹೇಳಿದ್ದು ಇದನ್ನೇ. ಒಂದೇ ಬಣ್ಣ ಬಳಿದಾಗ ಈ ವ್ಯತ್ಯಾಸ ಬರುವುದೇ ಇಲ್ಲ.

## ಪಟ್ಟಿಯನ್ನು ಮುಖಕ್ಕೆ ಇಳಿಸುವುದು

ಸರಿಮಾಡಿದ ಗ್ರೇ ಲೇಯರ್‌ನ ಕಾಪಿ ತೆಗೆದು `Colors > Curves` ತೆರೆಯಿರಿ. ಮೇಲೆ `Channel` ಅಂತ ಇರುವಲ್ಲಿ `Red` ಆರಿಸಿ. ಗೆರೆ ಮೇಲೆ ನಾಲ್ಕು ಚುಕ್ಕೆ ಇಟ್ಟು, ಒಂದೊಂದರ `Input` ನಲ್ಲಿ ಗ್ರೇ, `Output` ನಲ್ಲಿ ಕೆಂಪಿನ ಅಂಕಿ ತುಂಬಿ. ಅಂದರೆ 59ಕ್ಕೆ 85, 116ಕ್ಕೆ 150, ಹೀಗೆ. ಆಮೇಲೆ `Green`, ಆಮೇಲೆ `Blue`. ಎರಡು ತುದಿಗಳನ್ನು ಮುಟ್ಟಬೇಡಿ. ಪೂರ್ತಿ ಕಪ್ಪು ಕಪ್ಪಾಗೇ ಇರಲಿ, ಬಿಳಿ ಬಿಳಿಯಾಗೇ ಇರಲಿ.

`OK` ಒತ್ತಿದ ಕೂಡಲೇ ಇಡೀ ಫೋಟೋ, ಗೋಡೆ ಕುರ್ಚಿ ಸಮೇತ, ಚರ್ಮದ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ. ಈ ಲೇಯರ್‌ಗೂ ಕಪ್ಪು ಮಾಸ್ಕ್ ಹಾಕಿ, ಚರ್ಮ ಇರುವ ಕಡೆ ಮಾತ್ರ ಬಿಳಿ ಬಳಿಯುತ್ತಾ ಬನ್ನಿ. ಲೇಯರ್ ಮೋಡ್ `Normal` ಇದ್ದರೆ ಸಾಕು. ಗ್ರೇಗೆ ಹೊಂದುವ ಬಣ್ಣವನ್ನೇ ಕೊಟ್ಟಿರುವುದರಿಂದ ಬೆಳಕು-ನೆರಳು ಕದಲುವುದಿಲ್ಲ.

ಅಂಚುಗಳಲ್ಲಿ ನಿಧಾನ ಮಾಡಿ. ಕೂದಲು ಶುರುವಾಗುವ ಕಡೆ ಬ್ರಷ್‌ನ ಒಪಾಸಿಟಿ ಅರ್ಧಕ್ಕಿಳಿಸಿ, ಬಣ್ಣ ಕೂದಲೊಳಗೆ ಕರಗಿಹೋಗಲಿ. ಅಲ್ಲಿ ಗೆರೆ ಎಳೆದ ಹಾಗೆ ನಿಂತರೆ ಟೋಪಿ ಇಟ್ಟಂತೆ ಕಾಣುತ್ತದೆ. ಕಣ್ಣಿನ ಬಿಳಿ ಭಾಗವನ್ನು ಮಾಸ್ಕ್‌ನಿಂದ ಪೂರ್ತಿ ಹೊರಗಿಡಬೇಡಿ. ಸುಮಾರು 20% ಬಣ್ಣ ಹೋಗಲಿ. ವಯಸ್ಸಾದವರ ಕಣ್ಣು ಹಾಲಿನಂತೆ ಬಿಳಿ ಇರುವುದಿಲ್ಲ.

ಮಾದರಿ ಫೋಟೋದ ಪಟ್ಟಿ ಹಾಕಿದ ಮೇಲೂ ಮುಖ ಜಾಸ್ತಿ ಕೆಂಪು ಅನಿಸಿದರೆ ಹಸಿರು ಚಾನೆಲ್ಲಿನ ನಡುವಿನ ಎರಡು ಅಂಕಿಗಳನ್ನು ನಾಲ್ಕೈದು ಏರಿಸಿ. ಅರಿಶಿನ ಹಚ್ಚಿದ ಹಾಗೆ ಹಳದಿ ಅನಿಸಿದರೆ ನೀಲಿಯನ್ನು ಅಷ್ಟೇ ಏರಿಸಿ. ಇಷ್ಟು ಸಣ್ಣ ಬದಲಾವಣೆಯೂ ಕಣ್ಣಿಗೆ ಗೊತ್ತಾಗುತ್ತದೆ.

## ಮುಖದೊಳಗಿನ ಬಣ್ಣಗಳು

ಈಗ ಮುಖ ನಂಬುವ ಹಾಗಿದೆ, ಆದರೆ ಒಂದೇ ಎರಕದ್ದು. ಕೆನ್ನೆ, ಮೂಗಿನ ತುದಿ, ಕಿವಿ, ಬೆರಳ ಗೆಣ್ಣುಗಳಲ್ಲಿ ರಕ್ತ ಜಾಸ್ತಿ, ಅಲ್ಲಿ ಕೆಂಪು ಸ್ವಲ್ಪ ಹೆಚ್ಚು. ಗಂಡಸರ ಗಡ್ಡದ ಜಾಗ ಸ್ವಲ್ಪ ಬೂದು. ಕಣ್ಣಿನ ಕೆಳಗೆ ಕಂದು-ನೇರಳೆ.

ಖಾಲಿ ಲೇಯರ್ ಒಂದನ್ನು ಮೇಲೆ ಹಾಕಿ, ಮೋಡ್ `LCh Color` ಮಾಡಿ. ಈ ಮೋಡ್ ಬೆಳಕನ್ನು ಮುಟ್ಟದೆ ಬಣ್ಣ ಮಾತ್ರ ಬದಲಿಸುತ್ತದೆ. ದೊಡ್ಡ, ಮೆತ್ತನೆ ಬ್ರಷ್, ಒಪಾಸಿಟಿ 10%. ಕೆಂಪು ಬೇಕಾದ ಕಡೆ ಇಟ್ಟಿಗೆ ಬಣ್ಣ `#A0523D`. ಗುಲಾಬಿ ಬೇಡವೇ ಬೇಡ, ಕಂದು ಚರ್ಮದಲ್ಲಿ ರಕ್ತ ಗುಲಾಬಿಯಾಗಿ ಕಾಣುವುದಿಲ್ಲ. ಗಡ್ಡಕ್ಕೆ `#6B6A5E`, ಕಣ್ಣಿನ ಕೆಳಗೆ `#6A4A4A`. ಒಂದು ಸಲ ಬಳಿದು ಲೇಯರ್‌ನ ಪಕ್ಕದ ಕಣ್ಣಿನ ಗುರುತನ್ನು ಮುಚ್ಚಿ ತೆರೆದು ನೋಡಿ. ಬಳಿದದ್ದು ಎಲ್ಲಿ ಅಂತ ತಕ್ಷಣ ಗೊತ್ತಾದರೆ ಜಾಸ್ತಿಯಾಗಿದೆ.

ತುಟಿಗೆ `#7A4540`, ಒಪಾಸಿಟಿ 30%ರಷ್ಟು. ಕೆಳತುಟಿ ಮೇಲ್ತುಟಿಗಿಂತ ಸ್ವಲ್ಪ ಕೆಂಪಿರಲಿ. ಎಲೆ ಅಡಿಕೆ ಹಾಕುವ ಅಭ್ಯಾಸ ಇದ್ದವರಾದರೆ ತುಟಿಯ ಒಳ ಅಂಚಿಗೆ ಇನ್ನೊಂದು ಕೈ ಕೆಂಪು ಹಚ್ಚಿ.

ನಮ್ಮ ಕಡೆಯ ಹಿರಿಯರಲ್ಲಿ ಇನ್ನೊಂದು ಗಮನಿಸಿ. ದಿನವೂ ರುಮಾಲು ಸುತ್ತುವವರ ಹಣೆಯ ಮೇಲಿನ ಭಾಗ ಬಿಸಿಲು ಕಾಣದೆ ಬೆಳ್ಳಗೆ ಉಳಿದಿರುತ್ತದೆ. ಫೋಟೋಗೆ ಅಂತ ರುಮಾಲನ್ನು ಸ್ವಲ್ಪ ಮೇಲೆ ಸರಿಸಿ ಕೂತಾಗ ಆ ಪಟ್ಟಿ ಕಾಣುತ್ತದೆ. ಮುತ್ಯಾನ ಹಣೆಯಲ್ಲಿ ಹಾಗೇ ಇದೆ. ಅದನ್ನು ಕಲೆ ಅಂತ ಒರೆಸಬೇಡಿ. ಅಲ್ಲಿ ಕೆಂಪು ಕಡಿಮೆ ಮಾಡಿ, `#A8845A` ಅನ್ನು ತೆಳುವಾಗಿ ಸವರಿ. ವಿಭೂತಿಯ ಗೆರೆಗಳಿಗೂ ಅಪ್ಪಟ ಬಿಳಿ ಬೇಡ. ಬೂದಿ ತೆಳುವಾದ ಕಡೆ ಕೆಳಗಿನ ಚರ್ಮ ಕಾಣುತ್ತದೆ. ಗೆರೆಯ ನಡುವೆ ಚರ್ಮದ ಲೇಯರ್‌ನ ಮಾಸ್ಕನ್ನು 30%ಕ್ಕೆ ಇಳಿಸಿ, ತುದಿಗಳಲ್ಲಿ 60% ಬಿಡಿ. ಗ್ರೇ ಮತ್ತು ಕಂದು ತಾನಾಗೇ ಬೆರೆಯುತ್ತವೆ.

## ಕುಂಕುಮ, ಸೆರಗು, ಮತ್ತು ಅವುಗಳ ಪ್ರಭಾವ

ಆರ್ಥೋ ಫಿಲ್ಮಿನಲ್ಲಿ ಕಪ್ಪಗಾದ ಕುಂಕುಮಕ್ಕೆ `LCh Color` ನಲ್ಲಿ ಕೆಂಪು ಬಳಿದರೂ ಕಪ್ಪೇ ಕಾಣುತ್ತದೆ. ಅಷ್ಟು ಕತ್ತಲಲ್ಲಿ ಬಣ್ಣ ತೋರಲು ಬೆಳಕೇ ಇಲ್ಲ. ಅಂಥ ಕಡೆ `Normal` ಮೋಡ್‌ನ ಲೇಯರ್ ಮೇಲೆ `#961419` ಅನ್ನು 60–70% ಒಪಾಸಿಟಿಯಲ್ಲಿ ಹಾಕಿ. ಸೆರಗಿಗೂ ಇದೇ ದಾರಿ. ಮಡಿಕೆಗಳು ಮುಚ್ಚಿಹೋಗದ ಹಾಗೆ ಒಪಾಸಿಟಿ ಸ್ವಲ್ಪ ಕಡಿಮೆ ಇರಲಿ. ಸೀರೆಯ ಒಡಲಿನ ಬಣ್ಣ ಮಾತ್ರ ಗ್ರೇ ನೋಡಿ ಹೇಳಲು ಬರುವುದಿಲ್ಲ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಟ್ರಂಕಿನಲ್ಲಿ ಅದೇ ಸೀರೆ ಸಿಕ್ಕರೂ ಸಿಗಬಹುದು.

ಕೆಂಪು ಸೆರಗು ತಲೆ ಮೇಲೆ ಬಂದರೆ ಅದರ ಬಣ್ಣ ಕೆನ್ನೆಯ ಪಕ್ಕಕ್ಕೂ ದವಡೆಗೂ ತಾಗುತ್ತದೆ. ಆಯಿಯ ಮುಖದಲ್ಲಿ ಸೆರಗಿಗೆ ಹತ್ತಿರದ ಅಂಚಿಗೆ ಅದೇ ಕೆಂಪನ್ನು `LCh Color` ನಲ್ಲಿ 6–8% ಸವರಿದೆ. ಅಲ್ಲಿಯವರೆಗೆ ಅವರ ಮುಖ ಸೆರಗಿನೊಳಗೆ ಕತ್ತರಿಸಿ ಅಂಟಿಸಿದ ಹಾಗಿತ್ತು. ಬೇರೆ ಯಾವ ತಿದ್ದುಪಡಿಯೂ ಇಷ್ಟು ವ್ಯತ್ಯಾಸ ತರಲಿಲ್ಲ. ಮುತ್ಯಾನ ಗದ್ದದ ಕೆಳಗೆ ಬಿಳಿ ಅಂಗಿಯ ಬೆಳಕು ಹಾಗೇ ಬೀಳುತ್ತದೆ, ಅಲ್ಲಿ ಬಣ್ಣ ಸ್ವಲ್ಪ ತೆಳು ಮಾಡಿದರೆ ಸಾಕು.

ಮೈಬಣ್ಣದ ಕೊನೆಯ ತೀರ್ಮಾನವನ್ನು ಬಟ್ಟೆಗೂ ಹಿಂದಿನ ಪರದೆಗೂ ಬಣ್ಣ ಬಿದ್ದ ಮೇಲೆಯೇ ಮಾಡಿ. ಸುತ್ತ ಗ್ರೇ ಇದ್ದರೆ ಸರಿಯಾದ ಚರ್ಮವೂ ಕಿತ್ತಳೆಯಾಗಿ ಕಾಣುತ್ತದೆ. ಅದನ್ನು ನೋಡಿ ಬಣ್ಣ ಇಳಿಸಿದರೆ, ಬಟ್ಟೆಗೆ ಬಣ್ಣ ಬಂದ ಮೇಲೆ ಮುಖ ಸತ್ತ ಹಾಗಾಗುತ್ತದೆ. ಪರದೆಗೆ ಸುಮ್ನೆ ಒಂದು ಮಂಕು ಹಸಿರು-ಬೂದು ಹಾಕಿಟ್ಟುಕೊಂಡರೂ ನಡೆಯುತ್ತದೆ.

## ತಪ್ಪು ಎಲ್ಲಿದೆ ಅಂತ ತಿಳಿಯುವುದು

ಬಹಳ ಹೊತ್ತು ಒಂದೇ ಮುಖ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಫೋಟೋವನ್ನು ಎಡ-ಬಲ ತಿರುಗಿಸಿ, ಹೆಬ್ಬೆಟ್ಟಿನಷ್ಟು ಚಿಕ್ಕದು ಮಾಡಿ, ಪಕ್ಕದಲ್ಲಿ ಮಾದರಿ ಫೋಟೋ ಇಟ್ಟು ನೋಡಿ. ಇಬ್ಬರೂ ಒಂದೇ ಮನೆಯವರು ಅನಿಸಬೇಕು.

ಅನಿಸದಿದ್ದರೆ ಕಲರ್ ಪಿಕ್ಕರ್‌ನಲ್ಲಿ `HSV` ಅಳತೆ ನೋಡಿ. `H` ಅಂದರೆ ಯಾವ ಬಣ್ಣ ಅಂತ, `S` ಅಂದರೆ ಆ ಬಣ್ಣ ಎಷ್ಟು ಗಾಢ ಅಂತ. ಮುಖದ `H` ಹೆಚ್ಚುಕಡಿಮೆ 15ರಿಂದ 27ರೊಳಗೆ ಓಡಾಡಬೇಕು, ನೆರಳಲ್ಲಿ ಕಡಿಮೆ, ಹೊಳಪಲ್ಲಿ ಜಾಸ್ತಿ. `S` ನೆರಳಲ್ಲಿ 55–60ರ ಹತ್ತಿರ, ಹೊಳಪಲ್ಲಿ 25ರ ಹತ್ತಿರ. ಹೊಳಪಲ್ಲೂ 45 ದಾಟಿದ್ದರೆ ಮುಖ ಕಿತ್ತಳೆ ಅನಿಸುವುದು ಅದಕ್ಕೇ. ನೆರಳಲ್ಲಿ 30ಕ್ಕಿಂತ ಕೆಳಗಿದ್ದರೆ ಬೂದಿ ಬಡಿದ ಹಾಗೆ ಕಾಣುತ್ತದೆ. ಎರಡಕ್ಕೂ ಮದ್ದು ಕರ್ವ್ಸ್ ಪಟ್ಟಿಯ ಆಯಾ ಸಾಲಿನಲ್ಲಿದೆ. ಬ್ರಷ್ ಹಿಡಿದು ಮೇಲೆ ಮೇಲೆ ಬಳಿಯುತ್ತಾ ಹೋಗಬೇಡಿ.

ಮನೆಯವರಿಗೆ ತೋರಿಸಿದಾಗ "ಸ್ವಲ್ಪ ಬೆಳ್ಳಗ ಮಾಡಪಾ" ಅನ್ನುವ ಮಾತು ಬಂದೇ ಬರುತ್ತದೆ. ನಾನು ಒಪ್ಪುವುದಿಲ್ಲ. ಸ್ಟುಡಿಯೋದ ಪೆನ್ಸಿಲ್ ಆಗಲೇ ಒಮ್ಮೆ ಅವರನ್ನು ಬೆಳ್ಳಗೆ ಮಾಡಿತ್ತು. ನಾವು ಇಷ್ಟೊತ್ತು ಕೂತು ತೆಗೆದದ್ದೇ ಅದನ್ನು. ಮುತ್ಯಾನನ್ನು ಕಣ್ಣಾರೆ ಕಂಡವರು ಮನೆಯಲ್ಲಿದ್ದರೆ ಅವರ ಮಾತು ಬೇರೆ. "ಅವರು ಇಷ್ಟು ಕೆಂಪಿರಲಿಲ್ಲ, ಮಾವನಿಗಿಂತ ಕಪ್ಪು" ಅಂತ ಅವರು ಹೇಳಿದರೆ ಮಾವನ ಪಟ್ಟಿಯನ್ನೂ ಪಕ್ಕಕ್ಕಿಟ್ಟು ಅವರ ಮಾತಿನ ಪ್ರಕಾರ ತಿದ್ದಿ.

ಪ್ರಿಂಟಿಗೆ ಕೊಡುವ ಮುಂಚೆ ಲೇಯರ್ ಸಮೇತ XCF ಫೈಲ್ ಒಂದು ಕಡೆ ಇಟ್ಟುಕೊಳ್ಳಿ. ದೊಡ್ಡ ಸೈಜಿಗೆ ಮೊದಲೇ ಹೋಗದೆ 4x6 ಅಳತೆಯ ಒಂದು ಪ್ರಿಂಟ್ ತೆಗೆಸಿ, ಲ್ಯಾಬಿನವರು ಆಟೋ ಕಲರ್ ಕರೆಕ್ಷನ್ ಹಾಕಬಾರದು ಅಂತ ಬಾಯಿಬಿಟ್ಟು ಹೇಳಿ. ಅದನ್ನು ಹಗಲು ಬೆಳಕಿನಲ್ಲಿ ಸ್ಕ್ರೀನಿನ ಪಕ್ಕ ಹಿಡಿದು ನೋಡಿ. ಪ್ರಿಂಟು ಸ್ಕ್ರೀನಿಗಿಂತ ಕಪ್ಪಾಗಿ ಬರುವುದು ಸಾಮಾನ್ಯ, ಕಂದು ಮುಖದಲ್ಲಿ ನೆರಳಿನ ಕಡೆ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾದರೆ ಇಡೀ ಫೋಟೋದ ನಡುವಿನ ಬೆಳಕನ್ನು ಕರ್ವ್ಸ್‌ನಲ್ಲಿ ಸ್ವಲ್ಪ ಎತ್ತಿ, ಇನ್ನೊಂದು ಚಿಕ್ಕ ಪ್ರಿಂಟ್ ನೋಡಿ, ಆಮೇಲೆ ಫ್ರೇಮಿನ ಅಳತೆಗೆ ಹಾಕಿಸಿ.